ಮುಂಗಡ ಪಡೆದ ಮೇಲೆ ತಡವಾದರೆ: 50 ಹೂಜಿಗಳ ಒಂದು ಬ್ಯಾಚಿನ ಲೆಕ್ಕ

ಸಣ್ಣ ಬ್ಯಾಚಿನಲ್ಲಿ ವಸ್ತು ತಯಾರಿಸಿ ಪ್ರೀ-ಆರ್ಡರ್ ಮೂಲಕ ಮಾರುವವರು ಮುಂಗಡವನ್ನು ಬಂದ ದಿನವೇ ಆದಾಯ ಎಂದು ಬರೆದುಕೊಂಡುಬಿಡುತ್ತಾರೆ. ನನ್ನ ಮಟ್ಟಿಗೆ ಎಲ್ಲ ತೊಂದರೆಯೂ ಅಲ್ಲಿಂದಲೇ ಹುಟ್ಟುತ್ತದೆ. ವಸ್ತು ಗ್ರಾಹಕರ ಕೈ ಸೇರುವವರೆಗೆ ಆ ಹಣ ಸಾಲ. ಲೆಕ್ಕಪತ್ರದಲ್ಲೂ ಅದನ್ನು ಹೊಣೆಯ ಕಡೆಗೇ ಬರೆಯುತ್ತಾರೆ. ಹೀಗೆ ನೋಡಲು ಶುರುಮಾಡಿದರೆ ಎಷ್ಟು ಮಾರಬೇಕು, ಎಷ್ಟು ಮುಂಗಡ ಕೇಳಬೇಕು, ತಡವಾದಾಗ ಏನು ಹೇಳಬೇಕು ಎಂಬ ಮೂರೂ ಪ್ರಶ್ನೆಗಳಿಗೆ ಒಂದೇ ಲೆಕ್ಕದಲ್ಲಿ ಉತ್ತರ ಸಿಗುತ್ತದೆ.

ನಾನು ಸೆರಾಮಿಕ್ ಹೂಜಿ ಮಾಡುತ್ತೇನೆ. ಆದ್ದರಿಂದ ಅದರದೇ ಒಂದು ಬ್ಯಾಚನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿಡುತ್ತೇನೆ. ನೀವು ಚರ್ಮದ ಚೀಲ ಹೊಲಿಯುವವರಾಗಿರಬಹುದು, ಕೀಬೋರ್ಡ್ ಜೋಡಿಸುವವರಾಗಿರಬಹುದು. ಮಣ್ಣು, ಬೆಂಕಿ ಎಂದಿರುವ ಕಡೆ ನಿಮ್ಮ ಕಚ್ಚಾವಸ್ತು, ನಿಮ್ಮ ಯಂತ್ರ ಎಂದು ಓದಿಕೊಳ್ಳಿ. ಲೆಕ್ಕ ಸುಲಭವಾಗಲಿ ಎಂದು ಒಂದು ಹೂಜಿಯ ಬೆಲೆಯನ್ನು 100 ಎಂದು ಇಟ್ಟುಕೊಂಡಿದ್ದೇನೆ.

ಮೊದಲು, ಎಷ್ಟು ಮಾರಬಹುದು?

ಹೂಜಿಗಳನ್ನು ಸುಡುವ ನನ್ನ ಗೂಡಿನಲ್ಲಿ ಒಂದು ಸಲಕ್ಕೆ 24 ಹೂಜಿ ಹಿಡಿಯುತ್ತವೆ. ಮೂರು ಗೂಡು ಸುಡುವುದೆಂದು ಯೋಜಿಸಿದ್ದೆ. ಅಂದರೆ 72 ಹೂಜಿ ಮಾಡುತ್ತೇನೆ, ಆದರೆ 72 ಮಾರುವ ಹಾಗಿಲ್ಲ. ಹಿಂದಿನ ಮೂರು ಸಲದ ಟಿಪ್ಪಣಿ ತೆಗೆದು ನೋಡಿದರೆ 24ರಲ್ಲಿ ಮಾರುವಂತೆ ಹೊರಬಂದವು ಕ್ರಮವಾಗಿ 21, 19 ಮತ್ತು 18. ಸರಾಸರಿ ಹಿಡಿದರೆ 58 ಸಿಗಬೇಕು. ಇಲ್ಲಿ ಸರಾಸರಿಯನ್ನು ನಂಬಬೇಡಿ. ಸರಾಸರಿಗಿಂತ ಕಡಿಮೆ ಬರುವ ಸಲಗಳೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ, ಮತ್ತು ಕಡಿಮೆ ಬಿದ್ದಾಗ ಕಾಯುವವರು ನಿಮ್ಮ ಗ್ರಾಹಕರು. ಹಾಗಾಗಿ ನಾನು ಅತಿ ಕೆಟ್ಟ ಸಲವನ್ನೇ ಹಿಡಿದೆ: ಗೂಡಿಗೆ 18ರಂತೆ ಒಟ್ಟು 54. ಅದರಲ್ಲಿ ಸಾಗಣೆಯಲ್ಲಿ ಒಡೆಯುವುದಕ್ಕೆಂದು 4 ತೆಗೆದಿಟ್ಟು, 50ಕ್ಕೆ ಆರ್ಡರ್ ತೆರೆದೆ.

ನಿಮ್ಮ ಬಳಿ ಇಂಥ ಹಳೆಯ ಟಿಪ್ಪಣಿ ಇಲ್ಲದಿದ್ದರೆ ಪ್ರೀ-ಆರ್ಡರ್ ತೆರೆಯುವ ಕಾಲ ಇನ್ನೂ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ. ಮೊದಲ ಬ್ಯಾಚನ್ನು ಮಾಡಿಟ್ಟು ಮಾರಿ, ಎಷ್ಟು ಹಾಳಾಯಿತು, ಎಷ್ಟು ದಿನ ಹಿಡಿಯಿತು ಎಂದು ಬರೆದಿಡಿ. ಎರಡನೇ ಬ್ಯಾಚಿಗೆ ಮುಂಗಡ ಕೇಳಬಹುದು.

ಕಾಯುವ ಪಟ್ಟಿ: ಹೆಸರು ಬೇರೆ, ಆರ್ಡರ್ ಬೇರೆ

ಹೆಸರು, ಇ-ಮೇಲ್ ಮಾತ್ರ ಕೊಟ್ಟು ಸೇರುವ ಪಟ್ಟಿ ಬೇಗ ಬೆಳೆಯುತ್ತದೆ. ನನ್ನ ಪಟ್ಟಿಯಲ್ಲಿ 210 ಜನ ಇದ್ದರು. ಹಿಂದಿನ ಸಲ ಹೆಸರು ಕೊಟ್ಟ ನಾಲ್ವರಲ್ಲಿ ಒಬ್ಬರು ಮಾತ್ರ ಹಣ ಕೊಟ್ಟಿದ್ದರು. ನಿಮ್ಮ ಅನುಪಾತ ಬೇರೆಯೇ ಇರಬಹುದು, ಅದನ್ನು ನೀವೇ ಎಣಿಸಿಕೊಳ್ಳಬೇಕು. ಆದರೆ ಪಟ್ಟಿಯ ಉದ್ದ ನೋಡಿ ಕಚ್ಚಾವಸ್ತು ತರಿಸಬಾರದು ಎನ್ನುವುದು ಎಲ್ಲರಿಗೂ ಅನ್ವಯಿಸುತ್ತದೆ.

ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಬಾಗಿಲು ತೆರೆದರೆ ಫೋನ್ ಕೈಯಲ್ಲಿದ್ದವರು ಗೆಲ್ಲುತ್ತಾರೆ, ಮೂರು ತಿಂಗಳು ಕಾದವರು ಸೋಲುತ್ತಾರೆ. ಅದು ಪಟ್ಟಿಗೆ ಮಾಡಿದ ಮೋಸವೇ ಸರಿ. ಹೆಸರು ಕೊಟ್ಟ ಕ್ರಮದಲ್ಲಿ ಗುಂಪು ಗುಂಪಾಗಿ ಕರೆಯಿರಿ, ಪ್ರತಿ ಗುಂಪಿಗೂ 72 ಗಂಟೆ ಕೊಡಿ. ವಾಲ್ವ್ ಕಂಪನಿ ತನ್ನ ಸ್ಟೀಮ್ ಡೆಕ್ ಎಂಬ ಗೇಮ್ ಯಂತ್ರವನ್ನು ಮಾರಿದ್ದು ಹೀಗೆಯೇ. 2021ರ ಜುಲೈಯಲ್ಲಿ 5 ಡಾಲರ್ ಕೊಟ್ಟವರಿಗೆ ಸರದಿಯಲ್ಲಿ ಜಾಗ ಸಿಕ್ಕಿತು. ಸರದಿ ಬಂದಾಗ ಇ-ಮೇಲ್ ಬರುತ್ತಿತ್ತು, ಉಳಿದ ಹಣ ಕಟ್ಟಲು ಮೂರು ದಿನ ಇರುತ್ತಿತ್ತು. ಅಮೆರಿಕದಲ್ಲಿ ಆಗ ಅದೇ ಯಂತ್ರದ ಅತಿ ಅಗ್ಗದ ಮಾದರಿಯ ಬೆಲೆ 399 ಡಾಲರ್ ಇತ್ತು. ಅದರ ಮುಂದೆ 5 ಡಾಲರ್ ಏನೂ ಅಲ್ಲ, ಆದರೂ ಸುಮ್ಮನೆ ಹೆಸರು ಕೊಡುವವರನ್ನೂ ನಿಜವಾಗಿ ಬೇಕಾದವರನ್ನೂ ಬೇರೆ ಮಾಡಲು ಅಷ್ಟು ಸಾಕು.

ನಾನು ಮೊದಲ ಗುಂಪಿನಲ್ಲಿ 80 ಜನರನ್ನು ಕರೆದೆ, 22 ಮಂದಿ ಮುಂಗಡ ಕೊಟ್ಟರು. ಎರಡನೇ 80ರಲ್ಲಿ 19 ಮಂದಿ. ಉಳಿದ 9 ಜಾಗಕ್ಕೆ ಇನ್ನೂ 36 ಜನರನ್ನು ಕರೆದಾಗ 50 ತುಂಬಿತು. ಹಣ ಕಟ್ಟುವ ಪುಟದಲ್ಲಿ ಸಂಖ್ಯೆಯ ಮಿತಿ ಹಾಕಿಡುವುದನ್ನು ಮಾತ್ರ ಮರೆಯಬೇಡಿ. ಕೊನೆಯ ಗುಂಪಿನಲ್ಲಿ 9ರ ಬದಲು 12 ಜನ ಒಟ್ಟಿಗೆ ಕಟ್ಟಿಬಿಟ್ಟರೆ, ಪಡೆದ ಹಣವನ್ನು ಮರುದಿನವೇ ಹಿಂತಿರುಗಿಸುವ ಮುಜುಗರ ನಿಮ್ಮದಾಗುತ್ತದೆ. ಮುಂಗಡ ಬಂದ ಕ್ರಮದಲ್ಲಿ 1ರಿಂದ 50ರವರೆಗೆ ಸರದಿ ಸಂಖ್ಯೆ ಕೊಟ್ಟು, ಅದನ್ನು ಪ್ರತಿಯೊಬ್ಬರಿಗೂ ತಿಳಿಸಿದೆ. ಈ ಸಂಖ್ಯೆ ಎಷ್ಟು ಕೆಲಸಕ್ಕೆ ಬರುತ್ತದೆ ಎನ್ನುವುದು ತಡವಾದಾಗ ಗೊತ್ತಾಗುತ್ತದೆ.

ಮುಂಗಡ ಎಷ್ಟು, ಅದರಲ್ಲಿ ಖರ್ಚು ಎಷ್ಟು?

ನನ್ನ ಮುಂಗಡ 25, ಅಂದರೆ ಬೆಲೆಯ ಕಾಲು ಭಾಗ. ಅದನ್ನು ಹೀಗೆ ಕಂಡುಕೊಂಡೆ. ಮಣ್ಣು, ಸುಟ್ಟಾಗ ಗಾಜಿನಂತಾಗುವ ಲೇಪವಾದ ಗ್ಲೇಜ್, ಇಂಧನ, ಪೆಟ್ಟಿಗೆ ಎಲ್ಲ ಸೇರಿ ಒಂದು ಹೂಜಿಗೆ 12 ಖರ್ಚು. 72 ಮಾಡಬೇಕಾದ್ದರಿಂದ ಒಟ್ಟು 864. ಇದನ್ನು 50 ಆರ್ಡರಿಗೆ ಹಂಚಿದರೆ ತಲಾ 17 ಚಿಲ್ಲರೆ. ಮುಂಗಡ ಇಷ್ಟಕ್ಕಿಂತ ಕಡಿಮೆಯಾದರೆ ಕಚ್ಚಾವಸ್ತುವಿಗೆ ಕೈಯಿಂದ ಹಾಕಬೇಕು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೇಳಲು ನನಗೆ ಮನಸ್ಸಾಗುವುದಿಲ್ಲ, ಏಕೆಂದರೆ ಹೆಚ್ಚು ಕೇಳಿದಷ್ಟೂ ಹಿಂದಿರುಗಿಸಬೇಕಾದ ಸಾಲ ಬೆಳೆಯುತ್ತದೆ.

50 ಜನರಿಂದ ಬಂದದ್ದು 1250. ಪಾವತಿ ಕಂಪನಿ ಕಡಿದುಕೊಂಡದ್ದು ಸುಮಾರು 25. ಕಚ್ಚಾವಸ್ತುವಿಗೆ 864. ಉಳಿದದ್ದು 361. ಈ 361 ನನ್ನ ಲಾಭವೂ ಅಲ್ಲ, ಕೂಲಿಯೂ ಅಲ್ಲ. ಬೇರೆ ಖಾತೆಯಲ್ಲಿ ಮುಟ್ಟದೆ ಇಡಬೇಕಾದ ಹಣ. ಅದನ್ನು 25ರಿಂದ ಭಾಗಿಸಿ: 14. ಅಂದರೆ 14 ಜನ ಒಟ್ಟಿಗೆ ಬಂದು ಹಣ ವಾಪಸ್ ಕೇಳಿದರೂ ನಾನು ಅಂದೇ ಕೊಡಬಲ್ಲೆ. ಹದಿನೈದನೆಯವರು ಬಂದರೆ ಕೊಡಲಾರೆ. ಪ್ರೀ-ಆರ್ಡರ್ ಮಾಡುವವರೆಲ್ಲ ತಮ್ಮ ತಡೆಯುವ ಶಕ್ತಿಯ ಈ ಒಂದು ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಬೇಕು. ಹಣ ಖರ್ಚಾದಾಗಲೆಲ್ಲ ಅದನ್ನು ತಿದ್ದಬೇಕು. ನನಗೆ 14 ಸಾಲದು ಅನ್ನಿಸಿತು, ಕೈಯಿಂದ 150 ಹಾಕಿ 20 ಮಾಡಿಕೊಂಡೆ.

ಹಣದ ಬಗ್ಗೆ ಇನ್ನೆರಡು ಮಾತು. ಗ್ರಾಹಕರ ಕಾರ್ಡಿನಲ್ಲಿ ಹಣವನ್ನು ತಡೆಹಿಡಿದಿಟ್ಟು, ವಸ್ತು ಸಿದ್ಧವಾದಾಗ ಪಡೆಯೋಣ ಎಂದು ಕೆಲವರು ಯೋಚಿಸುತ್ತಾರೆ. ಆ ತಡೆ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ತಾನಾಗಿ ಬಿಟ್ಟುಹೋಗುತ್ತದೆ, ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಹಾಗಾಗಿ ಮುಂಗಡವನ್ನು ನಿಜವಾಗಿಯೇ ಪಡೆದುಕೊಳ್ಳಬೇಕಾಗುತ್ತದೆ. ಎರಡನೆಯದು, ಹಣ ವಾಪಸ್ ಮಾಡಿದಾಗ ಹೆಚ್ಚಿನ ಪಾವತಿ ಕಂಪನಿಗಳು ತಾವು ಕಡಿದುಕೊಂಡ ಶುಲ್ಕವನ್ನು ನಿಮಗೆ ಮರಳಿಸುವುದಿಲ್ಲ. ಆ ನಷ್ಟ ನಿಮ್ಮದು. ಗ್ರಾಹಕರಿಗೆ ಪೂರ್ತಿ 25 ಹೋಗಬೇಕು, ಅದೂ ಅವರು ಕಟ್ಟಿದ ದಾರಿಯಲ್ಲೇ.

ಉಳಿದ 75ನ್ನು ಯಾವಾಗ ಕೇಳಬೇಕು? ಅವರ ಹೂಜಿ ಸುಟ್ಟು, ತಣ್ಣಗಾಗಿ, ಪೆಟ್ಟಿಗೆಯಲ್ಲಿ ಕುಳಿತ ಮೇಲೆ. ಅದಕ್ಕಿಂತ ಒಂದು ದಿನವೂ ಮೊದಲಲ್ಲ.

ದಿನಾಂಕ

ಇಲ್ಲಿ ನಾನು ತಪ್ಪು ಮಾಡಿದೆ. ಹೂಜಿಯನ್ನು ಚಕ್ರದ ಮೇಲೆ ರೂಪಿಸಿ ಒಣಗಿಸುವುದು, ಮೊದಲ ಸುಡುವಿಕೆ, ಗ್ಲೇಜ್, ಎರಡನೇ ಸುಡುವಿಕೆ, ಕಟ್ಟುವುದು ಎಲ್ಲ ಸೇರಿ 11 ವಾರ ಎಂದು ಲೆಕ್ಕ ಬಂತು. ಅದಕ್ಕೆ ಒಂದು ವಾರ ಸೇರಿಸಿ 12ನೇ ವಾರದೊಳಗೆ ಕಳಿಸುತ್ತೇನೆ ಎಂದು ಬರೆದೆ. ಆ ಒಂದು ವಾರಕ್ಕೆ ಯಾವ ಆಧಾರವೂ ಇರಲಿಲ್ಲ, ನನಗೇ ಧೈರ್ಯ ಬರಲಿ ಎಂದು ಸೇರಿಸಿದ್ದು. ಸೇರಿಸಬೇಕಾದ್ದು ನಿಮ್ಮ ಕೆಲಸದ ಅತಿ ಉದ್ದದ ಹಂತವೊಂದು ಕೆಟ್ಟು, ಮೊದಲಿಂದ ಮತ್ತೆ ಮಾಡಬೇಕಾದರೆ ಹಿಡಿಯುವಷ್ಟು ಕಾಲ. ನನಗೆ ಅದು ನಾಲ್ಕು ವಾರ: ಗ್ಲೇಜ್ ಪರೀಕ್ಷೆ, ತೊಳೆದು ಒಣಗಿಸುವುದು, ಮತ್ತೆ ಹಚ್ಚುವುದು, ಮತ್ತೆ ಸುಡುವುದು. 15ನೇ ವಾರ ಎಂದು ಬರೆದಿದ್ದರೆ ಮುಂದೆ ಹೇಳುವ ಪತ್ರಗಳಲ್ಲಿ ಹೆಚ್ಚಿನವನ್ನು ಬರೆಯಬೇಕಾಗಿಯೇ ಇರಲಿಲ್ಲ.

ಇದು ನನ್ನೊಬ್ಬಳ ತಪ್ಪೂ ಅಲ್ಲ. ಜನರಿಂದ ಮೊದಲೇ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದ ಯೋಜನೆಗಳ ಬಗ್ಗೆ ಸಂಶೋಧಕ ಈಥನ್ ಮಾಲಿಕ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಸ್ತು ಕೊಡುವುದಾಗಿ ಹೇಳಿದವರಲ್ಲಿ 75%ಕ್ಕೂ ಹೆಚ್ಚು ಮಂದಿ ಹೇಳಿದ ಸಮಯಕ್ಕಿಂತ ತಡವಾಗಿ ಕೊಟ್ಟಿದ್ದಾರೆ.

ಎರಡನೇ ಗೂಡು ಕೆಟ್ಟ ದಿನ

ಮೊದಲ ಗೂಡಿನಿಂದ 20 ಒಳ್ಳೆಯ ಹೂಜಿ ಬಂದವು. 10ನೇ ವಾರದಲ್ಲಿ ಎರಡನೆಯದನ್ನು ತೆರೆದಾಗ 11 ಮಾತ್ರ. ಉಳಿದವುಗಳ ಮೇಲೆ ಗ್ಲೇಜ್ ಸರಿದು ಗುಳ್ಳೆಗಟ್ಟಿಕೊಂಡು, ನಡುನಡುವೆ ಬರಿ ಮಣ್ಣು ಕಾಣುತ್ತಿತ್ತು. ಹಚ್ಚಿದ ಗ್ಲೇಜ್ ಒಣಗುವಾಗ ಅತಿಯಾಗಿ ಕುಗ್ಗಿದರೆ ಅದರಲ್ಲಿ ಸಣ್ಣ ಬಿರುಕು ಮೂಡುತ್ತದೆ, ಬೆಂಕಿಯಲ್ಲಿ ಕರಗುವಾಗ ಆ ಬಿರುಕಿನಿಂದ ಎರಡೂ ಕಡೆ ಹಿಂದೆ ಸರಿಯುತ್ತದೆ. ಹೊಸ ಚೀಲದಿಂದ ಕಲಸಿದ ಗ್ಲೇಜ್ ಅದು. ಗೂಡಿಗೆ ಇಡುವಾಗ ಕೂದಲೆಳೆಯಂಥ ಬಿರುಕು ನನಗೆ ಕಂಡಿತ್ತು, ಆದರೂ ನಿಲ್ಲಿಸದೆ ಇಟ್ಟೆ. ಮೂರನೇ ಗೂಡಿನ 24 ಹೂಜಿಗೂ ಅದೇ ಗ್ಲೇಜ್ ಹಚ್ಚಿ ಆಗಿತ್ತು.

ಆ ಸಂಜೆ ಯಾರಿಗೂ ಏನೂ ಬರೆಯಲಿಲ್ಲ. ಮೊದಲು ಲೆಕ್ಕ ಹಾಕಿದೆ. ಕೈಯಲ್ಲಿರುವುದು 31. ಎರಡನ್ನು ಒಡೆಯುವ ಲೆಕ್ಕಕ್ಕೆ ತೆಗೆದಿಟ್ಟರೆ ಸರದಿಯ 1ರಿಂದ 29ರವರೆಗೆ ಹೇಳಿದ ಸಮಯಕ್ಕೆ ಕಳಿಸಬಹುದು. ಮೂರನೇ ಗೂಡಿನ ಹೂಜಿಗಳ ಮೇಲಿನ ಇನ್ನೂ ಸುಡದ ಗ್ಲೇಜ್ ತೊಳೆದು, ಹೊಸದನ್ನು ಬಿಲ್ಲೆಯ ಮೇಲೆ ಪರೀಕ್ಷಿಸಿ, ಮತ್ತೆ ಹಚ್ಚಿ ಸುಡಲು 14ನೇ ವಾರ ಆಗುತ್ತದೆ, ಕಳಿಸುವಷ್ಟರಲ್ಲಿ 15. ಅದರಿಂದ ಕೆಟ್ಟ ಲೆಕ್ಕದಲ್ಲಿ 18 ಸಿಗುತ್ತವೆ, ಹಾಗಾಗಿ 30ರಿಂದ 47ರವರೆಗಿನವರಿಗೆ ಸಾಕು. 48ರಿಂದ 50ರವರೆಗಿನ ಮೂವರಿಗೆ ಹೊಸದಾಗಿ ಮಣ್ಣಿನಿಂದಲೇ ಮಾಡಬೇಕು. ಅದಕ್ಕೆ 12 ಹೂಜಿಯ ಸಣ್ಣ ಗೂಡು, 18ನೇ ವಾರ.

ಹೀಗೆ ಒಂದು ಗೂಡು ಕೆಟ್ಟರೆ 50 ಜನರಿಗೆ ಮೂರು ಬಗೆಯ ಸುದ್ದಿ. ಎಲ್ಲರಿಗೂ ಒಂದೇ ಪತ್ರ ಕಳಿಸಿ ‘ಸ್ವಲ್ಪ ತಡವಾಗಬಹುದು’ ಎಂದಿದ್ದರೆ ಸಮಯಕ್ಕೆ ಪಡೆಯಲಿದ್ದ 29 ಜನ ಸುಮ್ಮನೆ ಚಿಂತೆಗೊಳಗಾಗುತ್ತಿದ್ದರು, ಕೊನೆಯ ಮೂವರು ತಮಗೆ ಆರು ವಾರ ತಡವಿದೆ ಎಂದು ತಿಳಿಯದೆ ಕಾಯುತ್ತಿದ್ದರು. ಸರದಿ ಸಂಖ್ಯೆ ಮೊದಲೇ ಕೊಟ್ಟಿದ್ದರಿಂದ ಯಾರು ಯಾವ ಗುಂಪಿಗೆ ಎಂಬ ಬಗ್ಗೆ ಜಗಳವೂ ಆಗಲಿಲ್ಲ.

ಪತ್ರ

ಮರುದಿನ ಬೆಳಿಗ್ಗೆ ನಡುವಿನ ಗುಂಪಿಗೆ ಹೋದ ಪತ್ರ ಇದು:

> ನಮಸ್ಕಾರ. ನಿಮ್ಮ ಹೂಜಿ (ಸರದಿ 34) 12ನೇ ವಾರಕ್ಕೆ ಬರುವುದಿಲ್ಲ. 16ನೇ ವಾರದೊಳಗೆ ಕಳಿಸುತ್ತೇನೆ, ಅಂದರೆ ನಾಲ್ಕು ವಾರ ತಡ.
>
> ನಿನ್ನೆ ತೆರೆದ ಗೂಡಿನಲ್ಲಿ ಗ್ಲೇಜ್ ಸರಿದು 24ರಲ್ಲಿ 13 ಹೂಜಿ ಹಾಳಾದವು. ನಿಮ್ಮ ಹೂಜಿ ಇನ್ನೂ ಸುಟ್ಟಿಲ್ಲ, ಆದರೆ ಅದಕ್ಕೂ ಅದೇ ಗ್ಲೇಜ್ ಹಚ್ಚಿದ್ದೆ. ಅದನ್ನು ತೊಳೆದು, ಹೊಸ ಗ್ಲೇಜ್ ಪರೀಕ್ಷಿಸಿ ಮತ್ತೆ ಹಚ್ಚುತ್ತಿದ್ದೇನೆ. ಒಣಗಿದ ಗ್ಲೇಜಿನಲ್ಲಿ ಬಿರುಕು ಕಂಡಾಗಲೇ ನಾನು ನಿಲ್ಲಿಸಬೇಕಿತ್ತು. ಕ್ಷಮಿಸಿ.
>
> ಕಾಯುವುದಾದರೆ ನೀವು ಏನೂ ಮಾಡಬೇಕಿಲ್ಲ. ಬೇಡವಾದರೆ ‘ವಾಪಸ್’ ಎಂದು ಉತ್ತರಿಸಿ, ಕಾರಣ ಹೇಳಬೇಕಿಲ್ಲ. ಕೊಟ್ಟ 25 ಪೂರ್ತಿಯಾಗಿ ಅಂದೇ ಹಿಂದಿರುಗಿಸುತ್ತೇನೆ.
>
> ಮುಂದಿನ ಸುದ್ದಿ ಹೊಸ ಗ್ಲೇಜಿನ ಪರೀಕ್ಷೆ ಮುಗಿದ ಮೇಲೆ, ಬರುವ ಶುಕ್ರವಾರ.

ತಡ ಎಷ್ಟು ಎನ್ನುವುದು ಮೊದಲ ಸಾಲಿನಲ್ಲೇ ಇದೆ. ಓದುವವರು ಹುಡುಕುವುದು ಅದನ್ನೇ. 15ನೇ ವಾರ ಎಂದು ಲೆಕ್ಕ ಬಂದಿದ್ದರೂ 16 ಎಂದು ಬರೆದೆ, ಏಕೆಂದರೆ ಒಮ್ಮೆ ತಪ್ಪಿದ ದಿನಾಂಕ ಎರಡನೇ ಸಲ ತಪ್ಪಬಾರದು. ಅದೇ ಲೆಕ್ಕದಲ್ಲಿ ಕೊನೆಯ ಮೂವರಿಗೆ 18ರ ಬದಲು 19ನೇ ವಾರ ಎಂದೆ. ಕಾರಣವನ್ನು ನಾಲ್ಕು ವಾಕ್ಯದಲ್ಲಿ ಮುಗಿಸಿದೆ. ‘ನಮ್ಮ ಕೈಮೀರಿದ ಕಾರಣಗಳಿಂದ’ ಎಂದು ಬರೆಯುವವರನ್ನು ನೋಡಿದ್ದೇನೆ. ಅದನ್ನು ಓದಿದವರಿಗೆ ಏನೋ ಮುಚ್ಚಿಡುತ್ತಿದ್ದಾರೆ ಎನ್ನಿಸುವುದೇ ಹೆಚ್ಚು. ಮುಂದಿನ ಸುದ್ದಿಯ ದಿನ ಹೇಳಿದ್ದರಿಂದ ನಡುವೆ ‘ಏನಾಯಿತು’ ಎಂದು ಕೇಳುವ ಪತ್ರಗಳು ಬರಲೇ ಇಲ್ಲ ಎನ್ನಬಹುದು. ಆ ಶುಕ್ರವಾರ ಹೇಳಲು ಹೊಸದೇನೂ ಇಲ್ಲದಿದ್ದರೂ ಬರೆಯಲೇಬೇಕು.

ಕೊನೆಯ ಮೂವರ ಪತ್ರದಲ್ಲಿ ಒಂದು ವ್ಯತ್ಯಾಸವಿತ್ತು. ಏಳು ದಿನದೊಳಗೆ ‘ಕಾಯುತ್ತೇನೆ’ ಎಂದು ಉತ್ತರಿಸದಿದ್ದರೆ ಹಣ ತಾನಾಗಿ ವಾಪಸ್ ಹೋಗುತ್ತದೆ ಎಂದು ಬರೆದೆ. ಈ ಭೇದವನ್ನು ನಾನು ತೆಗೆದುಕೊಂಡದ್ದು ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ಅಂಚೆ ಆರ್ಡರುಗಳಿಗೆಂದು ತಂದು, ಈಗ ಇಂಟರ್ನೆಟ್ ಆರ್ಡರಿಗೂ ಅನ್ವಯಿಸುವ ನಿಯಮದಿಂದ. ಮೊದಲ ಸಲದ ತಡ 30 ದಿನ ಅಥವಾ ಅದಕ್ಕಿಂತ ಕಡಿಮೆಯಾದರೆ, ರದ್ದು ಮಾಡುವ ಅವಕಾಶ ಕೊಟ್ಟ ಮೇಲೆ ಗ್ರಾಹಕರ ಮೌನವನ್ನು ಒಪ್ಪಿಗೆ ಎಂದು ತಿಳಿಯಬಹುದು. ಅದಕ್ಕಿಂತ ಉದ್ದವಾದರೆ, ಅಥವಾ ಯಾವಾಗ ಎಂದು ಹೇಳಲಾಗದಿದ್ದರೆ, ಮೌನ ಒಪ್ಪಿಗೆಯಲ್ಲ. ಸ್ಪಷ್ಟ ಒಪ್ಪಿಗೆ ಸಿಗದಿದ್ದರೆ ಹಣ ಹಿಂದಿರುಗಿಸಬೇಕು. ನೀವು ಮಾರುವ ಕಡೆಯ ಕಾನೂನು ಬೇರೆ ಇರಬಹುದು, ಅದನ್ನು ನೋಡಿಕೊಳ್ಳಿ. ಕಾನೂನು ಕೇಳದ ಕಡೆಯೂ ಈ ಭೇದ ನ್ಯಾಯವಾದದ್ದು ಎಂದೇ ನನಗೆ ತೋರುತ್ತದೆ. ಎರಡನೇ ಸಲ ತಡವಾದರೆ, ಅದು ಎಷ್ಟೇ ಚಿಕ್ಕದಾಗಿರಲಿ, ಉತ್ತರಿಸದವರ ಹಣ ಹಿಂದಿರುಗಿಸಿಬಿಡಿ.

ಸಮಯಕ್ಕೆ ಪಡೆಯಲಿದ್ದ 29 ಜನರಿಗೂ ಎರಡು ಸಾಲು ಬರೆದೆ: ಒಂದು ಗೂಡು ಕೆಟ್ಟಿದೆ, ನಿಮ್ಮದು ಸುರಕ್ಷಿತವಾಗಿದೆ, ಇಂಥ ದಿನ ಹೊರಡುತ್ತದೆ. ಬೇರೆಯವರಿಂದ ಸುದ್ದಿ ಕೇಳಿ ಅವರು ಗಾಬರಿಯಾಗುವುದು ಬೇಡ.

ಹಣ ವಾಪಸ್ ಕೇಳಿದವರು

ನಡುವಿನ ಗುಂಪಿನಲ್ಲಿ ಮೂವರು, ಕೊನೆಯ ಗುಂಪಿನಲ್ಲಿ ಒಬ್ಬರು ಹಿಂದೆ ಸರಿದರು. 100 ಹಿಂದಿರುಗಿಸಿದೆ. ಕೈಯಿಂದ ಹಾಕಿದ್ದೂ ಸೇರಿ ಖಾತೆಯಲ್ಲಿದ್ದ 511 ಈಗ 411 ಆಯಿತು. 12 ಹೊಸ ಹೂಜಿಗೆ 144 ಖರ್ಚು ಮಾಡಿದ ಮೇಲೆ 267. ಗೋಡೆಯ ಮೇಲಿನ 20 ಅಳಿಸಿ 10 ಎಂದು ಬರೆದೆ. ತಡವಾದವರಲ್ಲಿ ಇನ್ನೂ 17 ಜನ ಉಳಿದಿದ್ದರು, ಆದ್ದರಿಂದ ಆ ವಾರ ನನಗೆ ನೆಮ್ಮದಿ ಇರಲಿಲ್ಲ. ಮೊದಲ 29 ಹೂಜಿ ಹೊರಟು, ಅವುಗಳ ಉಳಿದ ಹಣ ಬಂದ ಮೇಲೆಯೇ ಉಸಿರಾಡಿದ್ದು. ಇಡೀ ಬ್ಯಾಚನ್ನು ಒಟ್ಟಿಗೆ ಕಳಿಸುವ ಯೋಜನೆ ಇದ್ದಿದ್ದರೆ ಆ ಹಣವೂ ಬರುತ್ತಿರಲಿಲ್ಲ. ಸಿದ್ಧವಾದಷ್ಟನ್ನು ಸಿದ್ಧವಾದಂತೆ ಕಳಿಸಿ.

ಹಣ ವಾಪಸ್ ಮಾಡಲು ಒಂದು ದಿನವೂ ತಡಮಾಡಬೇಡಿ. ಉತ್ತರ ಸಿಗದ ಗ್ರಾಹಕರು ಬ್ಯಾಂಕಿಗೆ ದೂರು ಕೊಟ್ಟರೆ ಹಣದ ಜತೆ ದಂಡದ ಶುಲ್ಕವೂ ನಿಮ್ಮ ಖಾತೆಯಿಂದ ಹೋಗುತ್ತದೆ. ಇಂಥ ದೂರು ಹೆಚ್ಚಾದರೆ ಪಾವತಿ ಕಂಪನಿ ನಿಮ್ಮ ಉಳಿದ ಹಣವನ್ನೂ ತಡೆಹಿಡಿಯಬಹುದು.

ಮೂವರು ಬಿಟ್ಟುಹೋದದ್ದರಿಂದ ನಡುವಿನ ಗುಂಪಿನಲ್ಲಿ ಜಾಗ ತೆರವಾಯಿತು. ಕೊನೆಯಲ್ಲಿ ಉಳಿದಿದ್ದ ಇಬ್ಬರೂ ಮುಂದೆ ಬಂದರು. ನಿಮ್ಮ ಹೂಜಿ 19ನೇ ವಾರದ ಬದಲು 16ರೊಳಗೇ ಬರುತ್ತದೆ ಎಂದು ಅವರಿಗೆ ಬರೆಯುವಾಗ ಆದ ಸಂತೋಷ ದೊಡ್ಡದು. ಹಾಗಿದ್ದರೂ ಹೊಸ 12ನ್ನು ನಿಲ್ಲಿಸಲಿಲ್ಲ, ಮೂರನೇ ಗೂಡು ಇನ್ನೂ ಬೆಂಕಿಗೆ ಹೋಗಿರಲಿಲ್ಲವಲ್ಲ.

ಮೂರನೇ ಗೂಡು 14ನೇ ವಾರದಲ್ಲಿ ತೆರೆಯಿತು, 19 ಒಳ್ಳೆಯವು. 17 ಹೂಜಿ 15ನೇ ವಾರದಲ್ಲಿ ಹೊರಟವು. ಸಾಗಣೆಯಲ್ಲಿ ಒಟ್ಟು ಮೂರು ಒಡೆದವು, ತೆಗೆದಿಟ್ಟಿದ್ದವುಗಳಿಂದ ಅಂದೇ ಬೇರೆ ಕಳಿಸಿದೆ. ಸಣ್ಣ ಗೂಡಿನ ಹೂಜಿಗಳಿಗೆ ಮುಂಗಡ ಪಡೆದಿರಲಿಲ್ಲ. ಅವು ಸುಟ್ಟು ಕೈಗೆ ಬಂದ ಮೇಲೆ, ಪಟ್ಟಿಯಲ್ಲಿ ಇನ್ನೂ ಕರೆಯದೆ ಉಳಿದಿದ್ದ 14 ಜನರಿಗೆ ಸರದಿಯಂತೆ ಪತ್ರ ಬರೆದು, ಪೂರ್ತಿ ಬೆಲೆಗೆ ಮಾರಿದೆ.